ಇಪ್ಪತ್ತೈದು ವರ್ಷ ಆದ್ಮೇಲೆ ಸಿಕ್ಕವರಿಗೆ ಮೊದಲ ಮಾತು ಏನು? (“ದಪ್ಪ ಆಗಿದೀಯ” ಬಿಟ್ಟು)

ಬ್ಯಾಕ್‌ಬೆಂಚ್ ಬಸವ
ಜನವರಿಯಲ್ಲಿ ನಮ್ಮ 2001ರ ಎಸ್ಸೆಸ್ಸೆಲ್ಸಿ ಬ್ಯಾಚಿನ ಗುರುವಂದನೆ ಮತ್ತು ಸ್ನೇಹ ಸಮ್ಮಿಲನ. ಸುಮಾರು 80 ಜನ, 6 ಮೇಷ್ಟ್ರು ಬರ್ತಾರೆ. ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳೋ ತಂಡದಲ್ಲಿ ನಾನಿದ್ದೀನಿ. ಗ್ರೂಪಲ್ಲಿ ಫೋಟೊ ಹಾಕಿದವರಿಗೆ ಈಗಾಗ್ಲೇ “ಇದ್ಯಾರ್ ಅಂಕಲ್ಲು”, “ಕೂದಲು ಎಲ್ಲಿ ಬಿಟ್ಟು ಬಂದೆ” ಅಂತ ಕಾಮೆಂಟ್ ಬೀಳ್ತಿವೆ. ಬಾಗಿಲಲ್ಲೂ ಅದೇ ಆದ್ರೆ ಅರ್ಧ ಜನ ಊಟದ ಹೊತ್ತಿಗೆ ಮುಖ ಊದಿಸ್ಕೊಂಡಿರ್ತಾರೆ. ದಪ್ಪ, ಸಣ್ಣ, ಬೊಕ್ಕತಲೆ, ವಯಸ್ಸು ಯಾವುದನ್ನೂ ಎತ್ತದೆ, ನಾಟಕ ಅನ್ನಿಸದ ಹಾಗೆ ಏನು ಮಾತಾಡೋದು? “ಪ್ರೀತಿಯಿಂದ ಮಾತಾಡಿ” ಅನ್ನೋ ಉಪದೇಶ ಬೇಡ, ಬಾಯಲ್ಲಿ ಹೇಳೋ ಮಾತೇ ಬರೆದು ಕೊಡಿ.

ಒಗ್ಗರಣೆ
ತುಂಬಾ ಸುಲಭ. “ಒಂಚೂರೂ ಬದಲಾಗಿಲ್ಲ ಕಣೋ, ಹಂಗೇ ಇದೀಯ!” ಎಲ್ಲರಿಗೂ ಇದನ್ನೇ ಹೇಳಿ. ಯಾರಿಗೆ ಬೇಜಾರಾಗುತ್ತೆ?

ಮಲೆನಾಡ ಮಳೆ
@ಒಗ್ಗರಣೆ ನಿಜವಾಗ್ಲೂ ಹಾಗೇ ಇರೋರಿಗೆ ಸರಿ. ಹದಿನಾರರಲ್ಲಿ 45 ಕೆಜಿ ಇದ್ದು ಈಗ 85 ಇರೋರಿಗೆ ಹೇಳಿ ನೋಡಿ. ಅದು ಸುಳ್ಳು ಅಂತ ಇಬ್ಬರಿಗೂ ಗೊತ್ತು, ಗೊತ್ತಿದೆ ಅನ್ನೋದೂ ಇಬ್ಬರಿಗೂ ಗೊತ್ತು. “ಏನೋ ತಮಾಷೆ ಮಾಡ್ತೀಯ” ಅಂತ ಅವರೇ ಹೊಟ್ಟೆ ಮುಟ್ಟಿಕೊಂಡು ತೋರಿಸ್ತಾರೆ. ಅಲ್ಲಿಗೆ ನೀವು ಬೇಡ ಅಂದ ವಿಷಯವನ್ನೇ ಅವರ ಬಾಯಿಂದ ಹೊರಡಿಸಿದ ಹಾಗಾಯ್ತು. “ವಯಸ್ಸೇ ಆಗಿಲ್ಲ ನಿಮಗೆ” ಅನ್ನೋದೂ ಅಷ್ಟೇ. ಹೊಗಳಿಕೆ ಆದರೂ ಲೆಕ್ಕ ಹಾಕಿದ್ದು ವಯಸ್ಸನ್ನೇ ತಾನೇ?

ನೀವು ಗಮನ ಕೊಡಬೇಕಾಗಿರೋದು ಮಾತಿಗಿಂತ ಮುಂಚಿನ ಎರಡು ಸೆಕೆಂಡಿಗೆ. ಗುರುತು ಸಿಗದೇ ಇದ್ದಾಗ ಕಣ್ಣು ತಾನಾಗೇ ತಲೆಯಿಂದ ಕಾಲಿಗೆ, ಕಾಲಿಂದ ತಲೆಗೆ ಒಂದು ಸಲ ಓಡುತ್ತೆ. ಆಮೇಲೆ ಏನೇ ಬಂಗಾರದಂಥ ಮಾತಾಡಿದ್ರೂ ಎದುರಿಗಿರೋರು ಆ ನೋಟವನ್ನ ಓದಿ ಮುಗಿಸಿರ್ತಾರೆ. ಅದಕ್ಕೇ ಕಣ್ಣಿಗೆ ಬೇರೆ ಕೆಲಸ ಕೊಡಿ. ಹತ್ತಡಿ ದೂರ ಇದ್ದಾಗಲೇ ಕೈ ಮುಗಿಯಿರಿ ಅಥವಾ ಕೈ ಎತ್ತಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ನಿಮ್ಮ ಹೆಸರನ್ನ ನೀವೇ ಮೊದಲು ಹೇಳಿ. “ನಾನು ಬಸವ, ಬಿ ಸೆಕ್ಷನ್, ಕೊನೇ ಬೆಂಚು.” ಅವರೂ ನಿಮ್ಮನ್ನ ಗುರುತು ಹಿಡಿಯೋಕೆ ಒದ್ದಾಡ್ತಾ ಇರ್ತಾರೆ, ಅದನ್ನ ಮರೀಬೇಡಿ. ನೀವು ಹೆಸರು ಹೇಳಿದ ಕೂಡಲೇ ನೂರಕ್ಕೆ ತೊಂಬತ್ತು ಜನ ತಮ್ಮ ಹೆಸರೂ ಹೇಳ್ತಾರೆ, ನಿಮ್ಮ ಸಮಸ್ಯೆ ಅಲ್ಲೇ ಮುಗೀತು.

ಬ್ಯಾಕ್‌ಬೆಂಚ್ ಬಸವ
ಹೆಸರು ಮೊದಲೇ ಹೇಳೋದು ಚೆನ್ನಾಗಿದೆ. ಆದ್ರೆ “ಅಯ್ಯೋ ಗುರುತೇ ಸಿಗ್ಲಿಲ್ಲ ನೋಡು!” ಅಂತ ಬಾಯಿಗೆ ಬಂದೇ ಬರುತ್ತಲ್ಲ, ಅದು ತಪ್ಪಾ?

ಧಾರವಾಡ ಫೇಡೆ
ತಪ್ಪೇನ್ರಿ ಅದ್ರಾಗ? ನಮ್ಮ ಕಡೆ ಎಲ್ಲಾರೂ ಅಂತಾರ.

ಮಲೆನಾಡ ಮಳೆ
ಯಾರ ಮೇಲೆ ಹೊರೆ ಬೀಳುತ್ತೆ ನೋಡಿ. “ಗುರುತೇ ಸಿಗ್ಲಿಲ್ಲ” ಅಂದ್ರೆ ಬದಲಾಗಿದ್ದು ನೀನು, ತಪ್ಪು ನಿನ್ನ ಮುಖದ್ದು. ಮುಂದಿನ ಪ್ರಶ್ನೆ ಅವರ ತಲೇಲಿ ತಾನಾಗೇ ಬರುತ್ತೆ: “ಅಷ್ಟು ಬದಲಾಗಿದ್ದೀನಾ?” ಅದನ್ನ ಬಾಯಿಬಿಟ್ಟು ಕೇಳಿದ್ರೋ, ನೀವು ಉತ್ತರ ಕೊಡಬೇಕು. ಆ ಉತ್ತರ ದಪ್ಪ, ಸಣ್ಣ, ಬಿಳಿ ಕೂದಲು ಇಷ್ಟರಲ್ಲೇ ಇರುತ್ತೆ.

ಅದೇ ಆಶ್ಚರ್ಯವನ್ನ ಭೇಟಿ ಮೇಲೆ ಹಾಕಿ. “ನೀವು ಬರ್ತೀರಿ ಅಂತ ಅಂದ್ಕೊಂಡೇ ಇರ್ಲಿಲ್ಲ!” “ಎಷ್ಟು ವರ್ಷ ಆಯ್ತು ನೋಡಿ!” ಬೆರಗು ಅಷ್ಟೇ ದೊಡ್ಡದಾಗಿ ಕೇಳುತ್ತೆ, ಮೈ ಮಾತ್ರ ಮಧ್ಯೆ ಬರಲ್ಲ.

ಕುಡ್ಲದ ಬೊಂಡ
ನಮ್ಮಲ್ಲಿ ಇದಕ್ಕೆ ಮೊದಲೇ ಉಪಾಯ ಉಂಟು ಮಾರಾಯ್ರೇ. ಮದುವೆ ಹಾಲಲ್ಲಿ ಹತ್ತು ವರ್ಷ ಕಳೆದು ಸಿಕ್ಕಿದ್ರೂ ಫಸ್ಟ್ ಕೇಳುವುದು “ಬಂದದ್ದು ಯಾವಾಗ?” ಅಂತ. ಆಮೇಲೆ “ಊಟ ಆಯ್ತಾ?” ಮೂರನೇದು “ಹೋಗುವುದು ಯಾವಾಗ?” ಮೂರರಲ್ಲೂ ಮುಖ ಇಲ್ಲ, ಹೊಟ್ಟೆ ಇಲ್ಲ. ಊಟದ್ದು ಉಂಟು, ಆದರೆ ತಟ್ಟೆಯಲ್ಲಿ ಎಷ್ಟು ಹಾಕಿಕೊಂಡರು ಅಂತ ನೋಡ್ಲಿಕ್ಕಿಲ್ಲ.

ಇನ್ನೊಂದು ಲಾಭ ಹೇಳ್ತೇನೆ. “ಬಂದದ್ದು ಯಾವಾಗ” ಅಂದ್ರೆ “ಬಂದಿ” ಅನ್ನಬೇಕೋ “ಬಂದ್ರಿ” ಅನ್ನಬೇಕೋ ಅಂತ ಯೋಚನೆ ಮಾಡ್ಲಿಕ್ಕಿಲ್ಲ. ಶಾಲೆಯಲ್ಲಿ “ಏ ಬಾರ” ಅಂತಿದ್ದವನು ಈಗ ದೊಡ್ಡ ಆಫೀಸರ್, ಹೆಂಡತಿ ಮಕ್ಕಳು ಪಕ್ಕದಲ್ಲಿ. ನೀನಾ, ನೀವಾ?

ಒಗ್ಗರಣೆ
ಅಯ್ಯೋ ಹೌದು, ಇದು ದಪ್ಪ ಸಣ್ಣಕ್ಕಿಂತ ದೊಡ್ಡ ತಲೆನೋವು! ನೀನು ಅಂದ್ರೆ ಅವಮಾನ, ನೀವು ಅಂದ್ರೆ “ದೊಡ್ಡ ಮನುಷ್ಯ ಆಗ್ಬಿಟ್ಟೆ” ಅಂತ ಚುಚ್ಚಿದ ಹಾಗೆ.

ಕನ್ನಡ ಮೇಡಂ (ನಿವೃತ್ತ)
ಕುಡ್ಲದವರ ಮಾತು ಸರಿ. ಕನ್ನಡದ ಕ್ರಿಯಾಪದ ಬಾಲದಲ್ಲೇ ಗುಟ್ಟು ಬಿಟ್ಟುಕೊಡುತ್ತದೆ. ‘ನೀನು’ ಬಿಟ್ಟರೂ ‘ಬಂದೆ’ಯಲ್ಲಿ ಏಕವಚನ ಉಳಿದೇ ಇರುತ್ತದೆ. ‘ಬಂದದ್ದು’, ‘ಇರುವುದು’, ‘ಮಾಡುತ್ತಿರುವುದು’ ಎಂದು ತಿರುಗಿಸಿದರೆ ಯಾವ ವಚನವೂ ಹೊರಬೀಳುವುದಿಲ್ಲ. “ಈಗ ಇರೋದು ಎಲ್ಲಿ? ಬಂದಿದ್ದು ಬಸ್ಸಲ್ಲಾ, ಕಾರಲ್ಲಾ?” ಹೀಗೆ ಮೂರು ನಾಲ್ಕು ಪ್ರಶ್ನೆ ಓಡಿಸಬಹುದು. ಅಷ್ಟರಲ್ಲಿ ಅವರು ನಿಮ್ಮನ್ನು “ಹೇಗಿದ್ದೀಯೋ” ಎನ್ನುತ್ತಾರೋ “ಹೇಗಿದ್ದೀರಿ” ಎನ್ನುತ್ತಾರೋ ಗೊತ್ತಾಗುತ್ತದೆ, ಅದನ್ನೇ ಹಿಡಿಯಿರಿ. ಹೆಂಡತಿ ಅಥವಾ ಗಂಡ ಪಕ್ಕದಲ್ಲಿದ್ದರೆ ಅವರು ಏಕವಚನ ಹಿಡಿಯುವವರೆಗೆ ಬಹುವಚನವೇ ಇರಲಿ.

ಇನ್ನು ಮೇಷ್ಟ್ರುಗಳ ವಿಷಯ. ದಯವಿಟ್ಟು “ನಾನ್ಯಾರು ಹೇಳಿ ನೋಡೋಣ ಸರ್” ಎಂದು ಪರೀಕ್ಷೆ ಮಾಡಬೇಡಿ. ವರ್ಷಕ್ಕೆ ಇನ್ನೂರು ಮುಖ ಕಂಡವರು ನಾವು. ನೀವು ಆಗ ಮೀಸೆ ಬಾರದ ಹುಡುಗರು, ಈಗ ನಲವತ್ತರ ಗಂಡಸರು. ಹೆಸರು, ವರ್ಷ, ಜೊತೆಗೊಂದು ಗುರುತು ಹೇಳಿ: “ಸರ್, ನಾನು ಇಂಥವನು, 2001ನೇ ಬ್ಯಾಚು, ಸಮೂಹಗಾನದ ಗುಂಪಲ್ಲಿದ್ದೆ.” ಆ ಮೂರನೆಯದೇ ಹಗ್ಗ. ಅದನ್ನು ಹಿಡಿದು ನಾವು ಮೇಲೆ ಬರುತ್ತೇವೆ.

ನಿರೂಪಣೆ ಮಾಡುವವರಿಗೂ ಹೇಳಿಡಿ. “ಈ ಇಳಿವಯಸ್ಸಿನಲ್ಲೂ ನಮ್ಮ ಕರೆಗೆ ಓಗೊಟ್ಟು” ಎಂಬ ಸಾಲು ಎಲ್ಲ ಗುರುವಂದನೆಯ ಚೀಟಿಯಲ್ಲೂ ಇರುತ್ತದೆ. “ದೂರದಿಂದ ಬಂದು” ಎಂದರೆ ಸಾಕು.

ಬ್ಯಾಕ್‌ಬೆಂಚ್ ಬಸವ
ಮೇಡಂ, ಆ ಸಾಲು ನಮ್ಮ ಚೀಟಿಯಲ್ಲಿ ಇದೆ 😬 ಇವತ್ತೇ ತೆಗೀತೀನಿ.

ಕಾಫಿ ಕುಡಿಯೋಣ್ವಾ
ಇಂಥ ಫಂಕ್ಷನ್‌ಗೆ ಎಷ್ಟು ದಿನ ಮುಂಚೆ ಕೂದಲಿಗೆ ಬಣ್ಣ ಹಚ್ಚಿದ್ರೆ ಒಳ್ಳೇದು? ಹಿಂದಿನ ದಿನ ಹಚ್ಚಿದ್ರೆ ಹಣೆ ಎಲ್ಲ ಕಪ್ಪಾಗಿ ಕಾಣುತ್ತೆ.

ಮಲೆನಾಡ ಮಳೆ
ಪ್ರಶ್ನೆ ಅದಲ್ಲ ಸ್ವಾಮಿ 😂

ನೈಟ್‌ಡ್ಯೂಟಿ ಸಿಸ್ಟರ್
ಕೇಳಿದ್ದಾರೆ, ಹೇಳಿಬಿಡೋಣ. ಮೂರು ನಾಲ್ಕು ದಿನ ಮುಂಚೆ ಹಚ್ಚಿ. ಅದಕ್ಕೂ 48 ಗಂಟೆ ಮೊದಲು ಕಿವಿ ಹಿಂದೆ ಅಥವಾ ಮೊಣಕೈ ಒಳಗೆ ಒಂಚೂರು ಹಚ್ಚಿ, ತುರಿಕೆ ಬರುತ್ತಾ ನೋಡಿ. ಇಲ್ಲಾಂದ್ರೆ ರೆಪ್ಪೆ ಊದಿಸ್ಕೊಂಡು ಹೋಗಿ, ಆವಾಗ ನಿಜವಾಗ್ಲೂ ಯಾರಿಗೂ ಗುರುತು ಸಿಗಲ್ಲ.

ಜಿಮ್ ಜಗ್ಗ
ಒಂದು ವಿಷಯ ಅರ್ಥ ಆಗ್ಲಿಲ್ಲ. ದಪ್ಪ ಅನ್ನಬಾರದು, ಒಪ್ಪಿದೆ. ಆದ್ರೆ ಸಣ್ಣ ಆಗಿರೋರಿಗೆ “ವಾಹ್, ಎಷ್ಟು ಇಳಿಸಿದೀಯ, ಸೂಪರ್” ಅಂದ್ರೆ ಖುಷಿನೇ ಆಗುತ್ತಲ್ವಾ? ಕಷ್ಟಪಟ್ಟು ಇಳಿಸಿರ್ತಾರೆ.

ನೈಟ್‌ಡ್ಯೂಟಿ ಸಿಸ್ಟರ್
ಕಷ್ಟಪಟ್ಟು ಇಳಿಸಿದ್ರೋ ತಾನಾಗೇ ಇಳೀತೋ ನಿಮಗೆ ಹೇಗೆ ಗೊತ್ತು? ಹಿಡಿತಕ್ಕೆ ಬರದ ಶುಗರ್, ಟಿಬಿ, ಜಾಸ್ತಿ ಕೆಲಸ ಮಾಡೋ ಥೈರಾಯ್ಡ್, ಕ್ಯಾನ್ಸರ್, ಖಿನ್ನತೆ, ಮನೇಲಿ ಸಾವು, ಎಲ್ಲದರಲ್ಲೂ ತೂಕ ಇಳಿಯಬಹುದು. ಪ್ರಯತ್ನ ಪಡದೇ ಆರು ತಿಂಗಳಿಂದ ವರ್ಷದೊಳಗೆ ಮೈತೂಕದ ನೂರಕ್ಕೆ ಐದು ಭಾಗಕ್ಕಿಂತ ಹೆಚ್ಚು ಹೋದ್ರೆ ಡಾಕ್ಟರು ಕಾರಣ ಹುಡುಕೋಕೆ ಶುರು ಮಾಡ್ತಾರೆ. ಅಂದ್ರೆ 70 ಕೆಜಿ ಇದ್ದೋರಿಗೆ ಮೂರೂವರೆ ಕೆಜಿ. ಅಂಥವರಿಗೆ ನೀವು ಶಹಬ್ಬಾಸ್ ಕೊಡ್ತಿದ್ದೀರಿ.

ದಪ್ಪದ್ದೂ ಅಷ್ಟೇ. ಸ್ಟೀರಾಯ್ಡ್ ಮಾತ್ರೆ ಬಹಳ ದಿನ ತಗೊಂಡೋರಿಗೆ ಮುಖ ದುಂಡಗೆ ಊದುತ್ತೆ, ಕೈಕಾಲು ಸಣ್ಣಗೇ ಇರಬಹುದು. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗೂ ತೂಕ ಏರುತ್ತೆ. “ಚೆನ್ನಾಗಿ ತಿಂತಿದೀಯ ಅನ್ಸುತ್ತೆ” ಅಂತ ನೀವು ನಗ್ತೀರಿ, ಅವರು ಮಾತ್ರೆ ಹೆಸರು ಹೇಳೋಕೂ ಆಗ್ದೆ, ನಗೋಕೂ ಆಗ್ದೆ ನಿಂತಿರ್ತಾರೆ.

ಇಷ್ಟು ಹೇಳಿದ್ದು ಮುಖ ನೋಡಿ ಕಾಯಿಲೆ ಪತ್ತೆ ಹಚ್ಚಿ ಅಂತಲ್ಲ, ದಯವಿಟ್ಟು. ಹೊರಗಿಂದ ಗೊತ್ತಾಗಲ್ಲ ಅನ್ನೋದಕ್ಕೆ.

ಜಿಮ್ ಜಗ್ಗ
ಸರಿ, ಅವರೇ “20 ಕೆಜಿ ಇಳಿಸಿದೆ ಮಗಾ” ಅಂದ್ರೆ?

ನೈಟ್‌ಡ್ಯೂಟಿ ಸಿಸ್ಟರ್
ಆಗ ಧಾರಾಳವಾಗಿ ಹೊಗಳಿ, ಹೇಗೆ ಇಳಿಸಿದ್ರು ಅಂತಾನೂ ಕೇಳಿ. ಬಾಗಿಲು ಅವರು ತೆಗೆದಿದ್ದಾರಲ್ಲ.

ಗೌಡ್ರು ಹಟ್ಟಿ
ಏನ್ರಪ್ಪ ಇದು, ಒಬ್ಬರನ್ನ ಮಾತಾಡ್ಸೋಕೆ ಇಷ್ಟೊಂದು ಕಾನೂನಾ? ನಮ್ಮೂರಲ್ಲಿ “ಮೈ ತುಂಬ್ಕೊಂಡಿದೀಯ ಕಣವ್ವ” ಅಂದ್ರೆ ಆಶೀರ್ವಾದ. “ಸೊರಗ್ಬಿಟ್ಟಿದೀಯಲ್ಲ ಮಗಾ” ಅಂದ್ರೆ ಎರಡು ಮುದ್ದೆ ಜಾಸ್ತಿ ಹಾಕ್ತಾರೆ ಅಂತ ಅರ್ಥ. ಮನಸ್ಸಲ್ಲಿ ಕೆಟ್ಟದ್ದು ಇಲ್ದಿದ್ರೆ ಬಾಯಲ್ಲಿ ಏನಂದ್ರೇನು?

ಮಲೆನಾಡ ಮಳೆ
ಅಜ್ಜಿ ಬಾಯಲ್ಲಿ ಅದು ಆಶೀರ್ವಾದ, ಒಪ್ತೀನಿ. ಇನ್ನೊಂದು ತಮಾಷೆ ನೋಡಿ, ಮೊಮ್ಮಗ ಗುಂಡಗೆ ಇದ್ರೂ ಅಜ್ಜಿ “ಸೊರಗಿದೀಯ” ಅಂತಾಳೆ. “ಚೆನ್ನಾಗಿ ಆಗಿದೀಯ” ಅಂದ್ರೆ ದೃಷ್ಟಿ ಆಗುತ್ತೆ ಅಂತ. ಅಲ್ಲಿ ಮಾತಿಗೂ ಮೈಗೂ ಸಂಬಂಧಾನೇ ಇಲ್ಲ, ಅದು ಪ್ರೀತಿ ಹೇಳೋ ರೀತಿ ಅಷ್ಟೆ. ಆದ್ರೆ ಅಜ್ಜಿ ಊಟಕ್ಕೆ ಕೂರಿಸಿ ಬಡಿಸ್ತಾಳೆ. ಇಪ್ಪತ್ತೈದು ವರ್ಷ ಒಂದು ಫೋನೂ ಮಾಡದ ಕ್ಲಾಸ್‌ಮೇಟ್ ಎಂಬತ್ತು ಜನರ ಮುಂದೆ ಅದೇ ಮಾತು ಆಡಿದ್ರೆ ಬಡಿಸೋದು ಏನು?

ಗೌಡ್ರು ಹಟ್ಟಿ
ಆ ಮಾತು ಇರ್ಲಿ ಬಿಡಿ. ಆದ್ರೂ ಎಲ್ಲಾ ಅಳೆದೂ ತೂಗಿ ಮಾತಾಡಿದ್ರೆ ಅದು ಸ್ನೇಹ ಸಮ್ಮಿಲನ ಅಲ್ಲ, ಇಂಟರ್‌ವ್ಯೂ.

ಹೆಸರು ಬೇಡ
ಒಂದು ಮಾತು ಯಾರೂ ಬರೀಲಿಲ್ಲ. “ಏನ್ ವಿಶೇಷ?” ಸಾಮಾನ್ಯವಾಗಿ ಎಲ್ಲರನ್ನೂ ಕೇಳೋ ಮಾತು. ಮದುವೆಯಾದ ಹೆಂಗಸಿನ ಹೊಟ್ಟೆ ಕಡೆ ಕಣ್ಣು ಹಾಯಿಸಿ “ಏನಾದ್ರೂ ವಿಶೇಷಾನಾ?” ಅಂದ್ರೆ ಬಸುರಿನಾ ಅಂತ. ಒಂದು ‘ನಾ’ ಸೇರಿದ್ರೆ ಅರ್ಥಾನೇ ಬೇರೆ. ಪಿಸಿಒಡಿ ಇರಬಹುದು, ಗರ್ಭ ನಿಲ್ಲದೇ ಹೋಗಿರಬಹುದು, ಬರೀ ಹೊಟ್ಟೆ ಇರಬಹುದು. ಎಂಟು ತಿಂಗಳಾಗಿದೆ ಅಂತ ಕಣ್ಣಿಗೆ ಕಂಡ್ರೂ ಅವರು ಹೇಳೋ ತನಕ ಸುಮ್ನಿರಿ. ಕುರ್ಚಿ ಕೊಡೋಕೆ ಏನೂ ಕೇಳಬೇಕಾಗಿಲ್ಲ.

ಧಾರವಾಡ ಫೇಡೆ
ಇದು ಖರೇ. ಮತ್ತ ಹಣಿ ಮ್ಯಾಲೆ ಕುಂಕುಮ ಇಲ್ಲ, ಕೊರಳಾಗ ತಾಳಿ ಇಲ್ಲ ಅಂತ “ಯಾಕವಾ ಹಿಂಗ?” ಅಂತ ಕೇಳಾವ್ರೂ ಅದಾರ. ಗಂಡ ಹೋಗಿರಬಹುದು, ಬಿಟ್ಟಿರಬಹುದು, ಇಲ್ಲಾ ಆಕಿ ಹಾಕೊಳ್ಳೂದೇ ಇಲ್ಲ. ಮೂರರಾಗ ಯಾವುದಾದ್ರೂ ಬಾಗಲದಾಗ ನಿಂತು ಹೇಳೂವಂಥಾದ್ದಲ್ಲ.

ಬ್ಯಾಕ್‌ಬೆಂಚ್ ಬಸವ
ಒಂದು ನಿಜವಾದ ಪ್ರಸಂಗ ಇದೆ, ಅದನ್ನೇ ಇಟ್ಕೊಂಡು ಹೇಳಿ. ಕ್ಲಾಸಲ್ಲಿ ಗಟ್ಟಿಮುಟ್ಟಾಗಿದ್ದ ಹುಡುಗ, ಕಬಡ್ಡಿ ಟೀಮಲ್ಲಿದ್ದ. ಈಗ ತುಂಬಾ ಇಳಿದುಹೋಗಿದ್ದಾನೆ, ತಲೆ ಪೂರ್ತಿ ಬೋಳು ಅಂತ ಅವನನ್ನ ನೋಡಿದವರು ಹೇಳಿದ್ರು. ಕಾರಣ ಯಾರಿಗೂ ಗೊತ್ತಿಲ್ಲ. ಅವನೂ ಬರ್ತಿದ್ದಾನೆ. ಬಾಗಿಲಲ್ಲಿ ನಾನೇ ಇರ್ತೀನಿ.

ಒಗ್ಗರಣೆ
ಬೋಳು ತಲೆ ಅಂದ್ರೆ ತಿರುಪತಿ ಅಥವಾ ಧರ್ಮಸ್ಥಳ. “ಯಾವಾಗ ಹೋಗಿದ್ದೆ, ದರ್ಶನ ಚೆನ್ನಾಗಾಯ್ತಾ?” ಅಂದ್ರೆ ದೇವರ ಮಾತು, ಯಾರಿಗೂ ನೋವಾಗಲ್ಲ.

ನೈಟ್‌ಡ್ಯೂಟಿ ಸಿಸ್ಟರ್
ಇದು ಎಲ್ಲಕ್ಕಿಂತ ಅಪಾಯದ ಊಹೆ. ಮುಡಿ ಕೊಟ್ಟಿರಬಹುದು, ಅಪ್ಪನೋ ಅಮ್ಮನೋ ತೀರಿಕೊಂಡು ಕರ್ಮಕ್ಕೆ ತೆಗೆಸಿರಬಹುದು, ಕೀಮೋ ಆಗಿರಬಹುದು, ಕೂದಲು ಉದುರೋ ಕಾಯಿಲೆ ಇರಬಹುದು, ಸ್ಟೈಲೂ ಇರಬಹುದು. ಮೀಸೆ ಇಲ್ಲ ಅಂದ್ರೆ ಸೂತಕ ಅಂತ ಕೆಲವರು ಲೆಕ್ಕ ಹಾಕ್ತಾರೆ, ಅದೂ ನಿಲ್ಲಲ್ಲ. ಮುಡಿ ಕೊಡುವಾಗ ಮೀಸೆ ತೆಗೆಸೋರೂ ಇದ್ದಾರೆ, ಕೀಮೋದಲ್ಲಿ ಹುಬ್ಬು, ರೆಪ್ಪೆ, ಮೀಸೆ ಎಲ್ಲ ಹೋಗಬಹುದು. “ದರ್ಶನ ಆಯ್ತಾ” ಅಂತ ನಗ್ತಾ ಕೇಳಿ, ಅವನು “ಅಪ್ಪ ಹೋಗಿ ಹದಿನೈದು ದಿನ ಆಯ್ತು” ಅಂದ್ರೆ ನಿಮ್ಮ ನಗು ಎಲ್ಲಿ ಇಟ್ಕೊಳ್ತೀರಿ?

ಮಲೆನಾಡ ಮಳೆ
ಬಸವ ಅವರೇ, ನಿಮ್ಮ ಕಬಡ್ಡಿ ಗೆಳೆಯನಿಗೆ ನಾನಾದ್ರೆ ಹೀಗೆ ಮಾಡ್ತಿದ್ದೆ.

ಅವನು ಗೇಟ್ ದಾಟಿದ ಕೂಡಲೇ ಟೇಬಲ್ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಹೋಗಿ. ಉಳಿದವರು ಏನಾದ್ರೂ ಕಿರುಚೋದಕ್ಕೆ ಮುಂಚೆ ನಿಮ್ಮ ಮಾತು ಅವನ ಕಿವಿಗೆ ಬೀಳಬೇಕು. ಅವನ ಹೆಸರು ಹಿಡಿದೇ ಕರೀರಿ, ನೋಡಿದವರು ಮೊದಲೇ ಹೇಳಿರೋದ್ರಿಂದ ನಿಮಗೆ ಗುರುತಿನ ಕಷ್ಟ ಇಲ್ಲ. “ಬಾರೋ, ನೀನು ಬರ್ತೀಯೋ ಇಲ್ವೋ ಅಂತಾನೇ ನೋಡ್ತಿದ್ದೆ.” ಕೈ ಹಿಡಿದುಕೊಳ್ಳಿ. ಬೆನ್ನಿಗೆ ಗುದ್ದೋದು, ಎತ್ತಿ ತಿರುಗಿಸೋದು ಬೇಡ. ಆಪರೇಷನ್ ಆಗಿದ್ರೆ ಗಾಯ ಎಲ್ಲಿದೆ ಅಂತ ನಿಮಗೆ ಗೊತ್ತಿಲ್ಲ. ಆಮೇಲೆ “ಬಂದಿದ್ದು ಯಾವುದರಲ್ಲಿ?” ಅನ್ನಿ. ಒಳಗೆ ಕರ್ಕೊಂಡು ಹೋಗ್ತಾ ಹಳೇದು ಒಂದು ತೆಗೀರಿ, ಆದ್ರೆ ಕಬಡ್ಡಿ ಬೇಡ. ಯಾಕಂದ್ರೆ ಕಬಡ್ಡಿ ಅಂದ ತಕ್ಷಣ ಆಗಿನ ಮೈ, ಈಗಿನ ಮೈ ಎರಡೂ ಪಕ್ಕಪಕ್ಕ ಬಂದು ನಿಲ್ಲುತ್ತೆ. ಮೇಷ್ಟ್ರ ಸೈಕಲ್ಲು, ಮಧ್ಯಾಹ್ನದ ಡಬ್ಬಿ, ಗಣಿತದ ಪೇಪರು, ಇಂಥದ್ದು. ಯಾರ ಪಕ್ಕ ಕೂರಿಸ್ತೀರಿ ಅನ್ನೋದನ್ನ ಹಿಂದಿನ ದಿನವೇ ಯೋಚಿಸಿ, ಬಾಯಿಬಡುಕರ ಪಕ್ಕ ಬೇಡ.

ಅವನೇ “ಹುಷಾರಿರ್ಲಿಲ್ಲ ಕಣೋ” ಅಂದ್ರೆ “ಈಗ ಹೇಗಿದೀಯ?” ಅಷ್ಟೇ. ಯಾವ ಆಸ್ಪತ್ರೆ, ಎಷ್ಟು ಖರ್ಚು, ನಮ್ಮ ಚಿಕ್ಕಪ್ಪಂಗೂ ಅದೇ ಆಗಿತ್ತು ಇವೆಲ್ಲ ಬೇಡ. ಚಿಕ್ಕಪ್ಪ ಆಮೇಲೆ ಏನಾದ್ರು ಅಂತ ಅವನು ಕೇಳೇ ಕೇಳ್ತಾನೆ.

ಗೌಡ್ರು ಹಟ್ಟಿ
ಚಿಕ್ಕಪ್ಪನ ಮಾತಿಗೆ ಮಾತ್ರ ನಾನೂ ಕೈ ಎತ್ತಿದೆ.

ಕನ್ನಡ ಮೇಡಂ (ನಿವೃತ್ತ)
ಒಂದು ತಕರಾರು. ಹತ್ತಿರದ ಗೆಳೆಯ ಎದುರಿಗೆ ಅರ್ಧವಾಗಿ ನಿಂತಿದ್ದಾನೆ. ಬಸ್ಸು, ಮೇಷ್ಟ್ರ ಸೈಕಲ್ಲು ಎಂದು ಮಾತಾಡಿ ಕಳಿಸಿಬಿಟ್ಟರೆ “ನನ್ನ ಸ್ಥಿತಿ ನೋಡಿಯೂ ಇವನು ಕೇಳಲಿಲ್ಲವಲ್ಲ” ಎಂದು ಅವನಿಗೆ ಅನ್ನಿಸುವುದಿಲ್ಲವೇ? ಮೌನವೂ ಚುಚ್ಚುತ್ತದೆ.

ಧಾರವಾಡ ಫೇಡೆ
ಮೇಡಂ, ಅದಕ್ಕ ನಮ್ಮ ಕಡೆ “ಆರಾಮದೀರೇನ್ರಿ?” ಐತಲ್ರಿ. ಕುಸ್ತಿ ಆಡಾವಂಗೂ ಅದ, ಹಾಸಿಗಿ ಹಿಡಿದಾವಂಗೂ ಅದ. ಹೇಳಬೇಕಂದ್ರ ಹೇಳ್ತಾನ, ಇಲ್ಲಂದ್ರ “ಆರಾಮ್ರೀ” ಅಂತ ದಾಟಸ್ತಾನ. ಆದ್ರ ಮಂದಿಗೆಲ್ಲಾ ಕೇಳೂ ಧಾಟಿಯೊಳಗ ಕೇಳಬೇಕು. ಅವಂಗಷ್ಟ ದನಿ ಇಳಿಸಿ, ಮಾರಿ ಸಣ್ಣ ಮಾಡ್ಕೊಂಡು “ಆ…ರಾಮದಿಯೇನಪಾ?” ಅಂದ್ರ ಮುಗೀತು, ಸಂತಾಪ ಸೂಚಿಸಿದಂಗ.

ನೈಟ್‌ಡ್ಯೂಟಿ ಸಿಸ್ಟರ್
ದನಿಯ ಮಾತು ನೂರಕ್ಕೆ ನೂರು. ಮೇಡಂ ಹೇಳಿದ್ದಕ್ಕೆ ನನ್ನ ಉತ್ತರ: ಕೇಳಿ, ಆದ್ರೆ ಬಾಗಿಲಲ್ಲಿ ಅಲ್ಲ. ಎರಡು ಮೂರು ದಿನ ಬಿಟ್ಟು ಫೋನ್ ಮಾಡಿ, “ಅವತ್ತು ಗಲಾಟೇಲಿ ಸರಿಯಾಗಿ ಮಾತಾಡೋಕೇ ಆಗ್ಲಿಲ್ಲ, ಹೇಗಿದೀಯ?” ಅಂತ. ಒಬ್ಬನೇ ಇರ್ತಾನೆ, ಅವನಿಷ್ಟದ ಉತ್ತರ ಕೊಡ್ತಾನೆ.

ಕನ್ನಡ ಮೇಡಂ (ನಿವೃತ್ತ)
ಎರಡು ದಿನ ಬಿಟ್ಟು ಫೋನ್ ಮಾಡುವವರು ಎಷ್ಟು ಜನ? ಅಲ್ಲೇ ಕೈ ತೊಳೆಯುವ ಕಡೆ ಒಬ್ಬನೇ ಸಿಕ್ಕಾಗ ಕೇಳುವುದು ಮೇಲು ಎಂದೇ ನನ್ನ ಅಭಿಪ್ರಾಯ.

ಜಿಮ್ ಜಗ್ಗ
ಮತ್ತೆ ಬಾಯಿ ತಪ್ಪಿ ಬಂದೇಬಿಡ್ತು ಅಂತಿಟ್ಕೊಳ್ಳಿ, “ಏನೋ ಇಷ್ಟ್ ಊದಿದೀಯ!” ಅಂತ. ಆಮೇಲೆ?

ಹೆಸರು ಬೇಡ
ಸಮಜಾಯಿಷಿ ಕೊಡೋಕೆ ಹೋಗಬೇಡಿ. “ಹಂಗಲ್ಲ, ಚೆನ್ನಾಗೇ ಕಾಣ್ತೀಯ, ನಾನೂ ದಪ್ಪ ಆಗಿದೀನಿ, ನನ್ನ ಹೆಂಡ್ತೀನೂ” ಅಂತ ಎಳೆದಷ್ಟೂ ಅದೇ ವಿಷಯ ಮತ್ತೆ ಮತ್ತೆ ಬರುತ್ತೆ. “ಸಾರಿ ಕಣೋ, ಬಾಯಿ ಜಾರ್ತು. ತಿಂಡಿ ಆಯ್ತಾ?” ಒಂದೇ ಉಸಿರಲ್ಲಿ.

ಕುಡ್ಲದ ಬೊಂಡ
ಇನ್ನೊಂದು, ಪಕ್ಕದಲ್ಲಿದ್ದವರು ಯಾರಂತ ಊಹೆ ಮಾಡ್ಲಿಕ್ಕೆ ಹೋಗ್ಬೇಡಿ. “ಇವರು ಅಮ್ಮನಾ?” ಅಂತ ಕೇಳಿ, ಅದು ಹೆಂಡತಿ ಆದ್ರೆ ಇಬ್ಬರೂ ಹೋದ್ರು. “ಇವರ ಪರಿಚಯ ಆಗ್ಲಿಲ್ಲ” ಅಂದ್ರೆ ಆಯ್ತು.

ಬ್ಯಾಕ್‌ಬೆಂಚ್ ಬಸವ
ಬರೆದಿಟ್ಕೊಂಡೆ. ಎದೆಗೆ ಹಾಕೋ ಬ್ಯಾಡ್ಜ್ ಮಾಡಿಸಿದ್ರೆ ಅರ್ಧ ತೊಂದರೆ ಹೋಗುತ್ತಲ್ವಾ?

ಮಲೆನಾಡ ಮಳೆ
ಹೋಗುತ್ತೆ, ಸರಿಯಾಗಿ ಮಾಡಿಸಿದ್ರೆ. ಸಾಮಾನ್ಯವಾಗಿ ಶಾಲೆಯ ಹೆಸರು, ಲಾಂಛನ, ಪ್ರಾಯೋಜಕರು ಎಲ್ಲ ದೊಡ್ಡದು, ಆಸಾಮಿ ಹೆಸರು ಇರುವೆ ಸಾಲು. ತಿರುಗಿಸಿ. ಆರಡಿ ದೂರದಿಂದ ಓದೋ ಹಾಗೆ ಹೆಸರು, ಕೆಳಗೆ ಸೆಕ್ಷನ್, ಅಷ್ಟೇ. ಹೆಸರು ಹಾಜರಿ ಪುಸ್ತಕದಲ್ಲಿದ್ದ ಹಾಗೇ ಇರಲಿ, ಇನಿಶಿಯಲ್ ಸಮೇತ. ಮದುವೆ ಆದ್ಮೇಲೆ ಹೆಸರು ಬದಲಾದವರನ್ನ ಹೊಸ ಹೆಸರಲ್ಲಿ ಯಾರೂ ಗುರುತಿಸಲ್ಲ. ಎರಡನ್ನೂ ಹಾಕಬೇಕಾ ಅಂತ ಅವರನ್ನೇ ಕೇಳಿ. ಕೊರಳಿಗೆ ನೇತಾಡೋ ದಾರ ಬೇಡ, ಹೊಟ್ಟೆ ಹತ್ತಿರ ಬರುತ್ತೆ, ಅಲ್ಲಿಗೆ ಎಲ್ಲರ ಕಣ್ಣೂ ಹೊಟ್ಟೆಗೇ. ಉಲ್ಟಾ ಬೇರೆ ತಿರುಗ್ತಾ ಇರುತ್ತೆ. ಬಲ ಭುಜದ ಕೆಳಗೆ ಅಂಟಿಸೋ ಥರದ್ದು ಮಾಡ್ಸಿ, ಮುಖ ನೋಡ್ತಾ ನೋಡ್ತಾನೇ ಓದಬಹುದು.

ಒಗ್ಗರಣೆ
ಹತ್ತನೇ ಕ್ಲಾಸಿನ ಫೋಟೊ ಕೂಡ ಹಾಕ್ಸಿ ಬ್ಯಾಡ್ಜಲ್ಲಿ, ಮಜಾ ಇರುತ್ತೆ!

ಹೆಸರು ಬೇಡ
ಬೇಡ! ಆಗಿನ ಮುಖ, ಈಗಿನ ಮುಖ ಒಂದೇ ಎದೆ ಮೇಲೆ. ನೋಡಿದವರೆಲ್ಲ ಹೋಲಿಸ್ಲಿ ಅಂತ ಕೈಗೇ ಕೊಟ್ಟಂಗೆ.

ಒಗ್ಗರಣೆ
ಗ್ರೂಪ್ ಫೋಟೊ ದೊಡ್ಡದು ಮಾಡಿ ಗೋಡೆಗೆ ಹಾಕಬಹುದಲ್ಲ, ಅದ್ರಲ್ಲೇನು?

ಮಲೆನಾಡ ಮಳೆ
ಗೋಡೆಗೆ ಓಕೆ. ಅಲ್ಲಿ ತನ್ನನ್ನ ತಾನೇ ಬೆರಳಿಟ್ಟು ತೋರಿಸ್ತಾರೆ.

ಕಾಫಿ ಕುಡಿಯೋಣ್ವಾ
ಸಿಸ್ಟರ್, ಮೆಹಂದಿ ಹಚ್ಚಿದ್ರೂ 48 ಗಂಟೆ ನೋಡಬೇಕಾ?

ನೈಟ್‌ಡ್ಯೂಟಿ ಸಿಸ್ಟರ್
ಮನೇಲಿ ಅರೆದ ಸೊಪ್ಪಿಗೆ ಅಷ್ಟು ಭಯ ಇಲ್ಲ. ‘ಬ್ಲ್ಯಾಕ್ ಮೆಹಂದಿ’ ಅಂತ ಪ್ಯಾಕೆಟ್ ಮೇಲಿದ್ರೆ ಖಂಡಿತ ನೋಡಿ, ಅದರಲ್ಲಿ ಹೆಚ್ಚಾಗಿ ಹೇರ್ ಡೈ ಕೆಮಿಕಲ್ಲೇ ಇರುತ್ತೆ.